ಇನ್‌ವಾಯ್ಸ್ ಯಾರ ಕರೆನ್ಸಿಯಲ್ಲಿ? ಪರ–ವಿರೋಧ

ಪ್ರಶ್ನೆ: ಹೊರದೇಶದ ಕ್ಲೈಂಟ್‌ಗೆ ಕೆಲಸ ಮಾಡುವ ಫ್ರೀಲಾನ್ಸರ್ ತನ್ನ ಸ್ವಂತ ಕರೆನ್ಸಿಯಲ್ಲೇ ಬಿಲ್ ಮಾಡಬೇಕೆ?

ಪರ: ತಡ ಮಾಡುವವರೇ ತಡದ ನಷ್ಟ ಹೊರಲಿ

ವಿನಿಮಯ ದರದ ಅಪಾಯ ಶುರುವಾಗುವುದು ಇನ್‌ವಾಯ್ಸ್ ಕಳಿಸಿದ ದಿನ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಕೊಟೇಷನ್ ಕೊಟ್ಟ ದಿನವೇ ಶುರು. ಮೊತ್ತ ಹೇಳಿದ ಮೇಲೆ ಕ್ಲೈಂಟ್ ಒಪ್ಪುವುದಕ್ಕೆ ಎರಡು ವಾರ, ಕೆಲಸಕ್ಕೆ ಆರು ವಾರ, ಇನ್‌ವಾಯ್ಸ್‌ಗೆ 30 ದಿನದ ಗಡುವು. ಎಲ್ಲ ಸಲೀಸಾಗಿ ನಡೆದರೂ ಹತ್ತಿರ ಹತ್ತಿರ ಮೂರು ತಿಂಗಳು. ಮೊತ್ತ ಕ್ಲೈಂಟ್‌ನ ಕರೆನ್ಸಿಯಲ್ಲಿದ್ದರೆ ಅಷ್ಟೂ ದಿನ ನಿಮ್ಮ ಸಂಪಾದನೆ ಎಷ್ಟೆಂದು ನಿಮಗೇ ಗೊತ್ತಿರುವುದಿಲ್ಲ.

ಇದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ 2016ರ ಜೂನ್ ತಿಂಗಳನ್ನೇ ನೋಡಿ. ಡಾಲರ್‌ನಲ್ಲಿ ಬಾಡಿಗೆ, ದಿನಸಿ, ತೆರಿಗೆ ಕಟ್ಟುವ ಒಬ್ಬ ಅನುವಾದಕಿ ಬ್ರಿಟನ್ನಿನ ಕ್ಲೈಂಟ್‌ಗೆ 4,000 ಪೌಂಡ್ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. 23ರ ಬ್ರೆಕ್ಸಿಟ್ ಜನಮತಗಣನೆಗೆ ಮೊದಲು ಪೌಂಡ್ ದರ 1.48 ಡಾಲರ್‌ನ ಆಸುಪಾಸಿನಲ್ಲಿತ್ತು. ಅಂದರೆ ಅವರ ಲೆಕ್ಕದಲ್ಲಿ 5,920 ಡಾಲರ್. ಜುಲೈ ಮೊದಲ ವಾರದಲ್ಲಿ ಪೌಂಡ್ 1.30ಕ್ಕಿಂತ ಕೆಳಗಿಳಿಯಿತು. ಆಗ ಹಣ ಬಂದಿದ್ದರೆ ಕೈಗೆ ಸಿಗುತ್ತಿದ್ದುದು 5,200. ಕೆಲಸ ಅಷ್ಟೇ, ಗುಣಮಟ್ಟ ಅದೇ, 720 ಡಾಲರ್ ಮಾತ್ರ ಮಾಯ. ಎರಡು ವಾರ ಮೊದಲು ಹಣ ಹಾಕಿದ್ದ ಕ್ಲೈಂಟ್ ಈ ನಷ್ಟ ತಪ್ಪಿಸಿರುತ್ತಿದ್ದರು.

ನನ್ನ ವಾದದ ತಿರುಳು ಇಲ್ಲೇ ಇದೆ. ಹಣ ಯಾವತ್ತು ಹೊರಡಬೇಕು ಎಂದು ತೀರ್ಮಾನಿಸುವವರು ಕ್ಲೈಂಟ್. ಒಪ್ಪಿಗೆ ಕೊಡದೆ ಕೂರುವುದು, ಸಹಿಗೆ ಕಾಯಿಸುವುದು, ಗಡುವು ಮೀರಿಸುವುದು, ಎಲ್ಲವೂ ಅವರ ಕೈಯಲ್ಲಿ. ಸಮಯದ ಮೇಲೆ ಹಿಡಿತ ಇರುವವರ ಮೇಲೇ ಸಮಯದ ಅಪಾಯವೂ ಬೀಳುವುದು ನ್ಯಾಯ. ಬಿಲ್ ನನ್ನ ಕರೆನ್ಸಿಯಲ್ಲಿದ್ದರೆ ತಡ ಮಾಡಿದ ಪ್ರತಿ ವಾರದ ಏರಿಳಿತ ಅವರ ಪುಸ್ತಕದಲ್ಲಿ ಬೀಳುತ್ತದೆ. ಹತ್ತು ದೇಶಗಳ ಜೊತೆ ವ್ಯವಹಾರ ಇರುವ ಸಂಸ್ಥೆಗೆ ಅದು ಸಣ್ಣ ಬಾಬ್ತು. ಒಂದೇ ಆದಾಯ ನಂಬಿದವರಿಗೆ ಅದು ಆ ತಿಂಗಳ ಬಾಡಿಗೆ.

ಒಂದು ಎಚ್ಚರಿಕೆ. ಕರೆನ್ಸಿ ಬರೆದರಷ್ಟೇ ಸಾಲದು, "ಇಷ್ಟು ಮೊತ್ತ ಪೂರ್ತಿಯಾಗಿ ನನ್ನ ಖಾತೆಗೆ ಸೇರಬೇಕು" ಎಂದೂ ಬರೆಯಿರಿ. ವಿದೇಶಿ ವರ್ಗಾವಣೆಯ ಫಾರ್ಮಿನಲ್ಲಿ ಶುಲ್ಕ ಯಾರದ್ದು ಎಂದು ಕೇಳುವ ಕಡೆ `OUR` ಎಂದಿದ್ದರೆ ಅದು ಕಳಿಸುವವರದ್ದು, `SHA` ಎಂದಿದ್ದರೆ ಹಂಚಿಕೆ. ಹಣ ಕಡಿಮೆ ಬಂದರೆ ಕಾರಣ ಕಂಡುಹಿಡಿಯುವುದು ಸುಲಭ. ಬಿಲ್ ಚಿಕ್ಕದಿರಲಿ ದೊಡ್ಡದಿರಲಿ ಸುಮಾರು ಅಷ್ಟೇ ಮೊತ್ತ ಕಡಿತವಾಗಿದ್ದರೆ ಅದು ನಡುವಿನ ಬ್ಯಾಂಕುಗಳ ಶುಲ್ಕ. ಬಿಲ್ ದೊಡ್ಡದಾದಂತೆ ಕಡಿತವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತಿದ್ದರೆ, ಕ್ಲೈಂಟ್ ತಮ್ಮ ಕರೆನ್ಸಿಯನ್ನೇ ಕಳಿಸಿದ್ದಾರೆ, ನಿಮ್ಮ ಬ್ಯಾಂಕು ತನ್ನ ದರದಲ್ಲಿ ಬದಲಾಯಿಸಿಕೊಂಡಿದೆ ಎಂದರ್ಥ. ಎರಡನೆಯದಾಗಿದ್ದರೆ ಇನ್‌ವಾಯ್ಸ್ ಇನ್ನೂ ಪೂರ್ತಿ ಪಾವತಿಯಾಗಿಲ್ಲ. ಹಾಗೆಂದು ಸಂಕೋಚವಿಲ್ಲದೆ ತಿಳಿಸಿ.

ವಿರೋಧ: ದಾಟಿಸಿದ ಅಪಾಯ ಹಿಂದಿರುಗಿ ಬರುತ್ತದೆ

ಒಂದೇ ಸಲದ ಕೆಲಸಕ್ಕೆ ಮೇಲಿನ ವಾದ ಸರಿ. ಆದರೆ ಫ್ರೀಲಾನ್ಸರ್ ಬದುಕುವುದು ತಿಂಗಳು ತಿಂಗಳು ಮರಳಿ ಬರುವ ಕ್ಲೈಂಟ್‌ಗಳ ಮೇಲೆ. ಅಲ್ಲಿ ಸ್ವಂತ ಕರೆನ್ಸಿಯ ಹಟ ನಡೆಯುವುದಿಲ್ಲ.

ಕ್ಲೈಂಟ್ ಕಡೆಯ ಮೇಜಿನಿಂದ ನೋಡೋಣ. ಮ್ಯಾನೇಜರ್ ವರ್ಷದ ಬಜೆಟ್ ಹಾಕಿಸಿಕೊಂಡಿರುವುದು ಅವರ ಕರೆನ್ಸಿಯಲ್ಲಿ, ಖರೀದಿ ಆದೇಶ ಬರೆಯುವುದೂ ಅದರಲ್ಲೇ. ಅವರ ಕರೆನ್ಸಿ ಕುಸಿದರೆ ನಿಮ್ಮ ಬಿಲ್ ಅವರ ಲೆಕ್ಕದಲ್ಲಿ ಏರುತ್ತದೆ, ಮಂಜೂರಾದ ಮೊತ್ತ ಮೀರುತ್ತದೆ, ಮತ್ತೆ ಮೇಲಿನವರ ಸಹಿ ಬೇಕಾಗುತ್ತದೆ. ಮೊದಲ ಸಲ ಸಹಿಸಿಕೊಳ್ಳುತ್ತಾರೆ. ನವೀಕರಣದ ಹೊತ್ತಿಗೆ ಅವರದೇ ಕರೆನ್ಸಿಯಲ್ಲಿ ಬೆಲೆ ಹೇಳಿದ ಇನ್ನೊಬ್ಬರ ಕೊಟೇಷನ್ ಪಕ್ಕದಲ್ಲಿರುತ್ತದೆ. ನೀವು ಕ್ಲೈಂಟ್‌ಗೆ ದಾಟಿಸಿದ ಅಪಾಯ ಆಗ ಕೈತಪ್ಪಿದ ಒಪ್ಪಂದದ ರೂಪದಲ್ಲಿ ನಿಮಗೇ ಮರಳುತ್ತದೆ. ಈ ನಷ್ಟ ಯಾವ ಬ್ಯಾಂಕ್ ಪಟ್ಟಿಯಲ್ಲೂ ಕಾಣಿಸುವುದಿಲ್ಲ, ಹಾಗಾಗಿ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗಾದರೆ ಪೂರ್ತಿ ನಾವೇ ಹೊರಬೇಕೆ? ಬೇಡ. ಬಿಲ್ ಅವರ ಕರೆನ್ಸಿಯಲ್ಲಿರಲಿ, ಅಪಾಯವನ್ನು ಒಪ್ಪಂದದಲ್ಲೇ ಹಂಚಿಕೊಳ್ಳೋಣ.

2022ರ ಯೂರೋವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮನೆ ಖರ್ಚು ಡಾಲರ್‌ನಲ್ಲಿರುವ ಒಬ್ಬರು ಆ ಜನವರಿಯಲ್ಲಿ ತಿಂಗಳಿಗೆ 3,000 ಯೂರೋಗೆ ಒಪ್ಪಂದ ಮಾಡಿಕೊಂಡರು ಎನ್ನೋಣ. ಆಗ ದರ ಸುಮಾರು 1.13, ಅಂದರೆ 3,390 ಡಾಲರ್. ಒಪ್ಪಂದದಲ್ಲಿ ಒಂದು ಷರತ್ತು: "ಮೂಲ ದರ 1.13. ಪ್ರತಿ ಮೂರು ತಿಂಗಳ ಮೊದಲ ಕೆಲಸದ ದಿನ ದರ ನೋಡುವುದು. ಶೇ. 5ರೊಳಗೆ ಬದಲಾಗಿದ್ದರೆ ಮೊತ್ತ ಹಾಗೇ ಇರಲಿ. ದಾಟಿದ್ದರೆ ಇಡೀ ವ್ಯತ್ಯಾಸವನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದು."

ಏಪ್ರಿಲ್‌ನಲ್ಲಿ ಯೂರೋ 1.10ರ ಆಸುಪಾಸು. ಇಳಿಕೆ ಶೇ. 3ಕ್ಕಿಂತ ಕಡಿಮೆ, ಆದ್ದರಿಂದ ಯಾರೂ ಬಾಯಿ ತೆರೆಯಬೇಕಿಲ್ಲ. ಜುಲೈ ಶುರುವಿಗೆ ಸುಮಾರು 1.04. ಇಳಿಕೆ ಶೇ. 8ರಷ್ಟಾಯಿತು, ಷರತ್ತು ಜಾರಿಗೆ ಬಂತು. 3,000 ಯೂರೋ ಈಗ 3,120 ಡಾಲರ್, ಕೊರತೆ 270. ಅದರ ಅರ್ಧ 135 ಡಾಲರ್ ಎಂದರೆ ಸುಮಾರು 130 ಯೂರೋ. ಮುಂದಿನ ಮೂರು ತಿಂಗಳ ಬಿಲ್ 3,130 ಯೂರೋ. ಕ್ಲೈಂಟ್‌ಗೆ ಶೇ. 4ರಷ್ಟು ಏರಿಕೆ, ಅದೂ ಮೊದಲೇ ಸಹಿ ಮಾಡಿದ ಲೆಕ್ಕದಂತೆ. ಸ್ವಂತ ಕರೆನ್ಸಿಯ ಬಿಲ್ ಆಗಿದ್ದರೆ ಅದೇ 3,390 ಡಾಲರ್‌ಗೆ ಅವರು 3,260 ಯೂರೋ ತೆರಬೇಕಿತ್ತು.

ಅದೇ ತಿಂಗಳಲ್ಲಿ ಯೂರೋ ಡಾಲರ್‌ಗೆ ಸಮ ಆಯಿತು. ಆ ಇಳಿಕೆಗೆ ಈ ಷರತ್ತಿನಲ್ಲಿ ಮದ್ದಿಲ್ಲ, ಅಕ್ಟೋಬರ್‌ವರೆಗೆ ಕಾಯಬೇಕು. ಆ ಮಿತಿ ಒಪ್ಪಿಕೊಂಡೇ ಸಹಿ ಹಾಕಬೇಕು. ಯೂರೋ ಏರಿದಾಗ ಬಿಲ್ ಇಳಿಸುವುದಕ್ಕೂ ಸಿದ್ಧರಿರಬೇಕು. ತನಗೆ ಲಾಭವಾಗುವ ಕಡೆಗೆ ಮಾತ್ರ ತೆರೆದುಕೊಳ್ಳುವ ಷರತ್ತನ್ನು ಯಾವ ಕ್ಲೈಂಟೂ ಎರಡನೇ ಸಲ ಒಪ್ಪುವುದಿಲ್ಲ, ಒಪ್ಪಲೂಬಾರದು.

ಫಾರ್ವರ್ಡ್ ಒಪ್ಪಂದ ಮಾಡಿಕೊಂಡು ದರ ಕಟ್ಟಿಹಾಕಬಹುದಲ್ಲ ಎನ್ನುವವರಿದ್ದಾರೆ. ಗೊತ್ತುಪಡಿಸಿದ ದಿನ ಗೊತ್ತುಪಡಿಸಿದಷ್ಟು ಯೂರೋವನ್ನು ಕೊಟ್ಟೇ ತೀರುತ್ತೇನೆ ಎಂಬ ಕಟ್ಟುಪಾಡು ಅದು. ಕ್ಲೈಂಟ್ ಒಂದು ತಿಂಗಳು ತಡ ಮಾಡಿದರೆ ಆ ಯೂರೋವನ್ನು ನೀವು ಮಾರುಕಟ್ಟೆಯಿಂದ ಕೊಂಡು ಕೊಡಬೇಕು, ಇಲ್ಲವೇ ಖರ್ಚು ಮಾಡಿ ದಿನಾಂಕ ಮುಂದೂಡಬೇಕು. ಪಾವತಿ ದಿನ ಖಚಿತವಿಲ್ಲದ ಸಣ್ಣ ಬಿಲ್‌ಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ. ಅದಕ್ಕಿಂತ ಕೊಟೇಷನ್ 15 ದಿನಕ್ಕಷ್ಟೇ ಊರ್ಜಿತ ಎಂದು ಬರೆಯುವುದು, ಮೂರನೇ ಒಂದು ಭಾಗ ಅಡ್ವಾನ್ಸ್ ಪಡೆಯುವುದು ಮೇಲು. ಅಡ್ವಾನ್ಸ್ ಬಂದಷ್ಟು ಮೊತ್ತದ ಮೇಲೆ ದರದ ಅಪಾಯ ಅಂದೇ ಮುಗಿಯಿತು.

ಷರತ್ತಿನಲ್ಲಿ ಯಾರ ದರ ಎಂದು ಹೆಸರು ಹಿಡಿದು ಬರೆಯುವುದನ್ನು ಮರೆಯಬೇಡಿ, ಜಗಳ ಹುಟ್ಟುವುದು ಅಲ್ಲೇ. ಯೂರೋಗಾದರೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಕೆಲಸದ ದಿನಗಳಲ್ಲಿ ಮಧ್ಯ ಯುರೋಪಿನ ಸಂಜೆ 4ರ ಸುಮಾರಿಗೆ ಪ್ರಕಟಿಸುವ ಉಲ್ಲೇಖ ದರ ಇದೆ, ಇಬ್ಬರೂ ತೆರೆದು ನೋಡಬಹುದು. ಇಷ್ಟಕ್ಕೂ ಕ್ಲೈಂಟ್ ಒಪ್ಪದಿದ್ದರೆ ಒಂದು ವರ್ಷದ ಒಪ್ಪಂದ ಬೇಡ, ಅವರ ಕರೆನ್ಸಿಯಲ್ಲೇ ಮೂರು ತಿಂಗಳಿಗೆ ಮಾಡಿಕೊಳ್ಳಿ. ಆಮೇಲೆ ಬೆಲೆ ಹೊಸದಾಗಿ ಹೇಳಬಹುದು.