ತಂದೆತಾಯಿಗೆ ಇಲ್ಲದ ಕುಬ್ಜತೆ ಮಗುವಿಗೆ ಎಲ್ಲಿಂದ ಬರುತ್ತದೆ?

“ಕುಬ್ಜತೆ ವಂಶದ ದೋಷ, ಅಂಥ ಮಗು ಹುಟ್ಟಿದ ಮನೆಯ ಸಂಬಂಧ ಬಿಟ್ಟರೆ ಎರಡು ತಲೆಮಾರಿನಲ್ಲಿ ಅದು ಅಳಿಯುತ್ತದೆ.”

ಮುಂಬೈ, ಪುಣೆಗಳ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿ, ವಧೂವರರ ವಿವರಗಳ ನಡುವೆ, ಈ ಸಂದೇಶ ಮತ್ತೆ ಮತ್ತೆ ಬರುತ್ತದೆ. ಕಳುಹಿಸುವವರ ಕಾಳಜಿ ನಿಜವಾದದ್ದೇ, ಆದರೆ ಮಾತು ತಪ್ಪು. ಅಕಾಂಡ್ರೊಪ್ಲೇಸಿಯಾ ಎಂಬ ಕುಬ್ಜತೆಗೆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಬದಲಾದರೂ ಸಾಕು. ಪ್ರಬಲವಾದ್ದರಿಂದ ಅದು ತಲೆಮಾರುಗಳ ಕಾಲ ಅಡಗಿ ಸಾಗುವುದಿಲ್ಲ. ಆದರೂ ಇಂಥ ಬಹುತೇಕ ಮಕ್ಕಳ ತಂದೆತಾಯಿ ಸಾಮಾನ್ಯ ಎತ್ತರದವರು, ಏಕೆಂದರೆ ಆ ಬದಲಾವಣೆ ಹೊಸದಾಗಿ, ಹೆಚ್ಚಾಗಿ ತಂದೆಯ ವೀರ್ಯಾಣುವಿನಲ್ಲಿ, ಆಗಿರುತ್ತದೆ.

1941ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಅಲ್ಲಿ 94,075 ಜನನಗಳಲ್ಲಿ 10 ಮಕ್ಕಳಿಗೆ ಈ ಸ್ಥಿತಿಯಿತ್ತು, ಅವರಲ್ಲಿ 8 ಮಕ್ಕಳ ತಂದೆತಾಯಿಗೆ ಇರಲಿಲ್ಲ. ಈ ಸ್ಥಿತಿಯುಳ್ಳವರಿಗೆ ಆಗ, ಅವರ ಒಡಹುಟ್ಟಿದವರಿಗೆ ಹೋಲಿಸಿದರೆ, ಸರಾಸರಿ ಐದನೇ ಒಂದು ಭಾಗದಷ್ಟೇ ಮಕ್ಕಳಿದ್ದರು. ಎಂದರೆ ಜೀನ್‌ನ ಇಂಥ ಬದಲಾದ 10 ಪ್ರತಿಗಳಲ್ಲಿ ಒಂದೊಂದು ತಲೆಮಾರಿನಲ್ಲೂ ಸುಮಾರು 8 ಕಳೆದುಹೋಗುತ್ತವೆ, ಸುಮಾರು 8 ಹೊಸದಾಗಿ ಹುಟ್ಟುತ್ತವೆ. ಆದ್ದರಿಂದ ಸಂಖ್ಯೆ ಏರುವುದೂ ಇಲ್ಲ, ಸೊನ್ನೆಗೆ ಇಳಿಯುವುದೂ ಇಲ್ಲ. ಈ ಸ್ಥಿತಿಯುಳ್ಳ ಯಾರಿಗೂ ಮಕ್ಕಳಾಗದಿದ್ದರೂ ಆ ಎಂಟು ಮಕ್ಕಳು ಹುಟ್ಟುತ್ತಲೇ ಇರುತ್ತಿದ್ದರು.

ಇಂಥ ಸಂದೇಶ ಬಂದಾಗ ಮೊದಲು ತಂದೆತಾಯಿಗೆ ಆ ಸ್ಥಿತಿ ಇದೆಯೇ ಎಂದು ನೋಡಬೇಕು. ಇಬ್ಬರಿಗೂ ಇಲ್ಲದಿದ್ದರೆ ಮಗುವಿನ ಒಡಹುಟ್ಟಿದವರಿಗೆ ಅದು ಬರುವ ಸಾಧ್ಯತೆ ತೀರಾ ಕಡಿಮೆ. ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು. ತಡವಾಗಿ ಕಾಣಿಸಿಕೊಳ್ಳುವ ಅಥವಾ ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳಿಗೆ ಈ ಲೆಕ್ಕ ಹೊಂದದು. ಅವುಗಳ ಬಗ್ಗೆ ಆನುವಂಶಿಕ ಸಲಹಾ ತಜ್ಞರನ್ನೇ ಕೇಳಬೇಕು.