ಮಗಾ, ಎದ್ದಿದ್ಯಾ?

ರಾತ್ರಿ ಮೂರು ಗಂಟೆಯ ಮೀಮ್‌ಗಳಲ್ಲಿ ಮೆದುಳಿಗೆ ಬಾಯಿ ಜಾಸ್ತಿ. ಪರೀಕ್ಷೆ ಹಾಲ್‌ನಲ್ಲಿ ಕೈಮುಗಿದು ಕೇಳಿದರೂ ಒಂದು ಉತ್ತರ ಕೊಡದ ಪ್ರಾಣಿ, ಎಲ್ಲರೂ ಮಲಗಿದ ಮೇಲೆ 'ಮಗಾ, ಎದ್ದಿದ್ಯಾ?' ಅಂತ ಶುರು ಮಾಡುತ್ತದೆ. ಇಲ್ಲಪ್ಪ, ಮಲಗ್ತಿದೀನಿ. 'ಮಲಕ್ಕೋ ಮಲಕ್ಕೋ. ಒಂಬತ್ತನೇ ಕ್ಲಾಸಲ್ಲಿ ಮೇಡಮ್‌ನ ಅಮ್ಮಾ ಅಂದಿದ್ಯಲ್ಲ, ಅದು ನೆನಪಾಯ್ತು ಅಷ್ಟೇ.' ಅಲ್ಲಿಗೆ ನಿದ್ದೆ ಮುಗಿಯಿತು. ಚಿತ್ರ ಯಾವುದಾದರೂ ಇರಲಿ, ಜಗಳ ಇದೇ.

ತುಮಕೂರಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಇಂಥದ್ದೊಂದನ್ನು ತಾನೇ ಮಾಡಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು. ಗೆಳತಿಯರ ಜೊತೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗಿದ್ದಾಳೆ. ಸಪ್ಲೈಯರ್ ತಂದಿಟ್ಟಿದ್ದಾರೆ. ಮೇಲಿನ ಬೆಣ್ಣೆ ಇನ್ನೂ ಪೂರ್ತಿ ಕರಗಿಲ್ಲ. 'ಬಿಸಿ ಐತೆ, ನಿಧಾನಕ್ಕೆ ತಿನ್ನಮ್ಮ' ಅಂದಿದ್ದಾರೆ. ಇವಳು ನಗುತ್ತಾ 'ನೀವೂ' ಅಂದಿದ್ದಾಳೆ.

ಅಷ್ಟೇ. ಆದರೆ ಆ 'ನೀವೂ' ತಿಂಗಳುಗಟ್ಟಲೆ ರಾತ್ರಿ ಹೊತ್ತು ಎದ್ದು ಬರುತ್ತಿತ್ತಂತೆ.

ಆ ಹೊತ್ತಿಗೇ ಯಾಕೆ ಅಂದರೆ, ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು, ಕೊನೆಯ ಭಾಗದಲ್ಲಿ ಕನಸು ಬೀಳುವ ನಿದ್ದೆ ಹೆಚ್ಚು, ಆಗ ಎಚ್ಚರವಾಗುವುದೂ ಸುಲಭ. ಸುಮಾರು ಒಂದೂವರೆ ಗಂಟೆಗೊಂದು ಸುತ್ತು ಮುಗಿದಾಗ ಎಷ್ಟೋ ಸಲ ಒಂಚೂರು ಎಚ್ಚರವಾಗುತ್ತದೆ, ಮಗ್ಗಲು ಬದಲಿಸಿ ಮರೆತುಬಿಡುತ್ತೇವೆ. ಹಾಗೆ ಎಚ್ಚರವಾದಾಗ ಏನಾದರೂ ತಲೆಗೆ ಹೊಕ್ಕರೆ ಕಷ್ಟ. ಹಗಲಾದರೆ ಬಸ್ಸು, ಪಾತ್ರೆ, ಪಕ್ಕದ ಮನೆಯವರು ಯಾರೋ ಒಬ್ಬರು ಎಳೆದುಕೊಂಡು ಹೋಗುತ್ತಾರೆ. ಮೂರು ಗಂಟೆಗೆ ಯಾರಿದ್ದಾರೆ? ಕ್ಯಾತ್ಸಂದ್ರಕ್ಕೆ ಹೋಗಿ 'ಅಣ್ಣಾ, ನಾನು ಅಂದಿದ್ದು ಹಂಗಲ್ಲ' ಅನ್ನೋಣವೆಂದರೆ ಹೋಟೆಲ್ಲೂ ತೆಗೆದಿರುವುದಿಲ್ಲ.

ಇನ್ನೊಂದು ತಮಾಷೆ ಇದೆ. ಇಂಥ ನೆನಪಿನಲ್ಲಿ ಎಷ್ಟೋ ಸಲ ನಮ್ಮನ್ನೇ ನಾವು ಹೊರಗಿನಿಂದ ನೋಡುತ್ತೇವೆ. ಅವಳಿಗೆ ಕಾಣುವುದು ಎದುರಿನ ಇಡ್ಲಿಯಲ್ಲ, ಹಲ್ಲು ಬಿಟ್ಟುಕೊಂಡು 'ನೀವೂ' ಅನ್ನುತ್ತಿರುವ ತನ್ನದೇ ಮುಖ. ಯಾರ ಕಣ್ಣಿಂದ ಅದು? ಸಪ್ಲೈಯರ್ ಕಣ್ಣಿಂದ. ಆ ಪುಣ್ಯಾತ್ಮರು ಅಷ್ಟರಲ್ಲಿ ಪಕ್ಕದ ಟೇಬಲ್ಲಿಗೆ ಚಟ್ನಿ ಹಾಕುತ್ತಿದ್ದರು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು, ಬೇರೆಯವರು ನಮ್ಮನ್ನು ನಿಜಕ್ಕೂ ಎಷ್ಟು ಗಮನಿಸುತ್ತಾರೆ ಅನ್ನುವುದನ್ನೇ ಪರೀಕ್ಷೆ ಮಾಡಿ 2000ರಲ್ಲಿ ಪ್ರಕಟಿಸಿದರು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟು, ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಚಿತ್ರ ಇದ್ದದ್ದು, ಅದನ್ನು ಹಾಕಿಸಿ ಒಬ್ಬ ವಿದ್ಯಾರ್ಥಿಯನ್ನು ಬೇರೆಯವರಿದ್ದ ಕೋಣೆಗೆ ಕಳಿಸುವುದು. ಆಮೇಲೆ, ಎಷ್ಟು ಜನ ಗಮನಿಸಿರಬಹುದು ಅಂತ ಕೇಳುವುದು. ಹಾಕಿಕೊಂಡವರ ಅಂದಾಜು ಹತ್ತಿರ ಹತ್ತಿರ ಅರ್ಧದಷ್ಟು ಜನ. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ. ಆ ಕಾಲು ಭಾಗದವರೂ ಅದನ್ನು ನೆನೆದು ರಾತ್ರಿ ಎದ್ದು ಕೂತಿರಲಿಕ್ಕಿಲ್ಲ ಬಿಡಿ.

ಅಂದರೆ ಹಾಸಿಗೆಯಲ್ಲಿ ನಮ್ಮನ್ನು ನೋಡಿ ನಗುವ ಜನ ಬಹುಪಾಲು ನಾವೇ ಕೂರಿಸಿಕೊಂಡವರು. ಮೀಮ್‌ನ ಕೆಲಸ, ನಿಜವಾದ ಜನರನ್ನು ಕರೆತರುವುದು. ಅವರು ಬಂದರೆ ಏನು ಮಾಡುತ್ತಾರೆ? ನಮ್ಮ ಗ್ರೂಪಿನಲ್ಲಿ ಚಿಕ್ಕಪ್ಪ, ಹೆಣದ ಮನೆಗೆ ಹೋಗಿ ಅಭ್ಯಾಸಬಲದಿಂದ 'ಎಲ್ಲಾ ಚೆನ್ನಾಗಿದೀರಾ?' ಅಂದಿದ್ದನ್ನು ಬರೆದರು. ಅಕ್ಕ ಮಾತ್ರ, 'ಕೆಂಪು ಚಟ್ನಿ ಕೊಟ್ಟಿದ್ರಾ?' ಅಂತ ಕೇಳಿದಳು. ಮಗಳ ಅವಮಾನ ಅವಳ ಕಣ್ಣಿಗೆ ಬಿದ್ದಂತೆಯೇ ಕಾಣಲಿಲ್ಲ.

ಏನೋ ತಪ್ಪಾಗಿದೆ, ಆದರೆ ಯಾರಿಗೂ ಏನೂ ಆಗಿಲ್ಲ. ಈ ಎರಡೂ ಒಟ್ಟಿಗೆ ಅನಿಸಿದಾಗ ನಗು ಬರುತ್ತದೆ ಎಂದು ಸಂಶೋಧಕರಾದ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ 2010ರಲ್ಲಿ ವಾದಿಸಿದರು. ಮೂರು ಗಂಟೆಗೆ ಮೊದಲನೆಯದು ಮಾತ್ರ ಕಾಣುತ್ತದೆ. ಮೀಮ್ ಎರಡನೆಯದನ್ನೂ ಪಕ್ಕದಲ್ಲಿ ತಂದಿಡುತ್ತದೆ. ಮೆದುಳಿನ ಮಾತು ಅಷ್ಟು ಗಂಭೀರ, ವಿಷಯ ನೋಡಿದರೆ ಒಂದು 'ನೀವೂ'!

ಹಾಗಂತ ಎಲ್ಲ ಚಿಂತೆಯೂ ಮೀಮ್ ಆಗುವುದಿಲ್ಲ. ಕೋಲಾರದ ಕಡೆ ಟೊಮೆಟೊ ಹಾಕಿದವರೂ ಮೂರು ಗಂಟೆಗೆ ಎದ್ದಿರುತ್ತಾರೆ, ಮಂಡಿ ರೇಟು ನೆನೆದುಕೊಂಡು. ಟೊಮೆಟೊ ರೇಟಿನ ಜೋಕುಗಳನ್ನು ಹಂಚುವುದು ಹೆಚ್ಚಾಗಿ ಕೊಳ್ಳುವವರು, ಬೆಳೆದವರಲ್ಲ. ಸಣ್ಣ ಪೇಚು ಹೊಸದರಲ್ಲೇ ನಗಿಸುತ್ತದೆ, ಹಳೆಯದಾದರೆ ಸಪ್ಪೆ. ದೊಡ್ಡ ಪೆಟ್ಟು ನಗು ತರಿಸಲು ವರ್ಷಗಳು ಬೇಕು. ಸಾಲ ತೀರಿ, ಮುಂದೆ ಒಂದೆರಡು ಬೆಳೆ ಕೈಹಿಡಿದ ಮೇಲೆ ಅದೇ ಮನುಷ್ಯ ಅರಳಿಕಟ್ಟೆಯಲ್ಲಿ ಕೂತು ರಸ್ತೆ ಬದಿ ಸುರಿದ ಹಣ್ಣಿನ ಕಥೆ ತೆಗೆಯುತ್ತಾನೆ. 'ದನಾನೂ ಮೂಸ್ಲಿಲ್ಲ ಕಣಣ್ಣ!' ಅಂತ ಅವನೇ ಮೊದಲು ನಗುತ್ತಾನೆ.