ಓದುವವನನ್ನು ಕಾಣದ ಸೆನ್ಸರ್

ಶಿರಸಿಯ ನಮ್ಮ ಮನೆಯ ಓದುವ ಕೋಣೆಯ ಚಾವಣಿಗೆ ಅಣ್ಣ ಪಿಐಆರ್ ಸೆನ್ಸರ್ ಅಳವಡಿಸಿ, 5 ನಿಮಿಷ ಚಲನೆ ಕಾಣದಿದ್ದರೆ ದೀಪ ಆರಬೇಕೆಂಬ ನಿಯಮ ಮಾಡಿದಂದಿನಿಂದ ನನ್ನ ರಾತ್ರಿಯ ಓದು ಹಾಳಾಗಿದೆ. ಗಣಿತದ ಲೆಕ್ಕವೊಂದರಲ್ಲಿ ಮುಳುಗಿರುವಾಗಲೇ ಕತ್ತಲಾಗುತ್ತದೆ. ಕೈ ಬೀಸಿ ಬೆಳಕು ತರಿಸಿಕೊಳ್ಳುವಷ್ಟರಲ್ಲಿ ಯೋಚನೆಯ ಎಳೆ ತಪ್ಪಿರುತ್ತದೆ.

"ನಿನಗೆ ನಿದ್ದೆ ಹತ್ತಿರಬೇಕು ಮಾರಾಯಾ" ಎಂದು ಅಣ್ಣ ಹೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಆ ಸೆನ್ಸರ್ ಗುರುತಿಸುವುದು ಮನುಷ್ಯನನ್ನಲ್ಲ, ದೇಹದ ಶಾಖವು ಅದರ ನೋಟದ ಒಂದು ವಲಯದಿಂದ ಇನ್ನೊಂದಕ್ಕೆ ಸರಿಯುವುದನ್ನು. ಪೆನ್ನು ಹಿಡಿದ ಬೆರಳುಗಳ ಅಲುಗಾಟ ಅದಕ್ಕೆ ಸಾಲದು. ಗಮನವಿಟ್ಟು ಓದುವವನಿಗೇ ಇದರ ಶಿಕ್ಷೆ.

"ಅವಧಿ ಹೆಚ್ಚಿಸಿದರೆ ಖಾಲಿ ಕೋಣೆಯಲ್ಲಿ ಕರೆಂಟು ಪೋಲಾಗುವುದಿಲ್ಲವೇ?" ಎಂದ.

"ಅಣ್ಣಾ, 9 ವ್ಯಾಟ್‌ನ ಎಲ್‌ಇಡಿ ಅರ್ಧ ಗಂಟೆ ಸುಮ್ಮನೆ ಉರಿದರೂ ಖರ್ಚಾಗುವುದು ಒಂದು ಯೂನಿಟ್ಟಿನ ಇನ್ನೂರನೇ ಒಂದು ಪಾಲಿಗಿಂತ ಕಡಿಮೆ. ಅದಕ್ಕಾಗಿ ನನ್ನ ಓದನ್ನು ಕೆಡಿಸಬೇಕೇ?"

ಉಸಿರಾಟದ ಸೂಕ್ಷ್ಮ ಚಲನೆಯನ್ನೂ ಹಿಡಿಯುವ ರೇಡಾರ್ ಸೆನ್ಸರ್ ದುಬಾರಿ ಎಂದು ಗೊಣಗುತ್ತಲೇ ಅವನು ರಾತ್ರಿಯ ಅವಧಿಯನ್ನು 30 ನಿಮಿಷಕ್ಕೆ ಏರಿಸಿದ್ದಾನೆ. ಆದರೆ ಮೇಜಿನ ದೀಪವನ್ನು ಈ ನಿಯಮದಿಂದ ಸಂಪೂರ್ಣವಾಗಿ ಹೊರಗಿಟ್ಟು, ಅದರ ಸ್ವಿಚ್ಚನ್ನು ನನ್ನ ಕೈಗೇ ಬಿಡಬೇಕೆಂಬ ಬೇಡಿಕೆಗೆ ಅವನು ಇನ್ನೂ ಒಪ್ಪಿಲ್ಲ.